ಫೋನ್ ಬಂತು, ಹೆಸರು ಬರಲಿಲ್ಲ

ತೀರ್ಥಹಳ್ಳಿಯ ನಿವೃತ್ತ ಶಿಕ್ಷಕಿಯೊಬ್ಬರು ಹೊಸ ಫೋನ್ ಕೊಂಡರು. ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ಕರೆ ಮಾಡಿದಾಗ ಹಳೆಯ ಫೋನಿನಲ್ಲಿ ಅವಳ ಹೆಸರು ಚೆನ್ನಾಗಿ ಬೀಳುತ್ತಿತ್ತು. ಹೊಸದರಲ್ಲಿ +44ರಿಂದ ಶುರುವಾಗುವ ಉದ್ದನೆಯ ನಂಬರ್ ಮಾತ್ರ ಕಾಣತೊಡಗಿತು. ಮಗಳ ನಂಬರನ್ನು ಬಾಯಿಪಾಠ ಮಾಡಿಕೊಂಡಿರದ ತಾಯಿ ಅದನ್ನು ಯಾವುದೋ ಮೋಸದ ಕರೆಯೆಂದು ಬಿಟ್ಟರು. ಕೆಲವು ದಿನಗಳ ನಂತರ ಆ ನಂಬರೂ ಹೋಗಿ "Private number" ಎಂದು ಬರಲು ಶುರುವಾಯಿತು. ಇಂಥ ಕರೆಗಳಿಂದ ಬೇಸತ್ತು ಪಕ್ಕದ ಮನೆಯ ಹುಡುಗನಿಗೆ ಹೇಳಿದಾಗ, ಅವನು ಗುರುತಿಲ್ಲದ ಕರೆಗಳೆಲ್ಲ ತಾವಾಗಿಯೇ ನಿಲ್ಲುವ ಹಾಗೆ ಸೆಟ್ಟಿಂಗ್ ಹಾಕಿಕೊಟ್ಟ. ಅಲ್ಲಿಗೆ ಫೋನ್ ರಿಂಗಾಗುವುದೇ ನಿಂತಿತು. ಕೊನೆಗೆ ವಾಟ್ಸಾಪ್‌ನಲ್ಲಿ ಸಿಕ್ಕ ಮಗಳು ಕೇಳಿದ ಮೊದಲ ಮಾತು, "ಅಮ್ಮಾ, ನೀನು ಫೋನ್ ಯಾಕೆ ಎತ್ತೋದಿಲ್ಲ?"

ಒಂದೇ ಮನೆಯಲ್ಲಿ ಮೂರು ತೊಂದರೆಗಳು ಒಂದರ ಮೇಲೊಂದು ಕೂತಿದ್ದವು. ಮೂರೂ ನೋಡಲು ಒಂದೇ ಥರ, ಆದರೆ ಕಾರಣಗಳು ಬೇರೆ ಬೇರೆ. ಮೊದಲನೆಯದು ತಾಯಿಯ ಫೋನಿನ ಸಂಪರ್ಕ ಪಟ್ಟಿಯಲ್ಲಿತ್ತು. ಎರಡನೆಯದು ಸಾವಿರಾರು ಮೈಲಿ ದೂರದ ಮಗಳ ಫೋನಿನಲ್ಲಿತ್ತು. ಮೂರನೆಯದನ್ನು ಪಕ್ಕದ ಮನೆಯ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಸೇರಿಸಿದ್ದ. ಯಾವುದು ಎಲ್ಲಿದೆ ಎಂದು ತಿಳಿಯಲು, ಫೋನ್ ರಿಂಗಾಗುವ ಆ ಒಂದೆರಡು ಕ್ಷಣದಲ್ಲಿ ಏನು ನಡೆಯುತ್ತದೆ ಎಂದು ಗೊತ್ತಿರಬೇಕು.

ಒಬ್ಬರು ಕರೆ ಮಾಡಿದಾಗ ಆ ಕರೆಯ ಜೊತೆ ಅವರ ನಂಬರ್ ಸಾಗುತ್ತದೆ. ಇದುವರೆಗಿನ ಸಾಮಾನ್ಯ ವ್ಯವಸ್ಥೆಯಲ್ಲಿ ಅವರ ಹೆಸರು ಸಾಗುವುದಿಲ್ಲ. ಪರದೆಯ ಮೇಲೆ "ಚಿಕ್ಕಪ್ಪ" ಎಂದೋ "ಗ್ಯಾಸ್ ಏಜೆನ್ಸಿ" ಎಂದೋ ಬೀಳುವುದನ್ನು ಕಳಿಸಿದ್ದು ಚಿಕ್ಕಪ್ಪನೂ ಅಲ್ಲ, ಮೊಬೈಲ್ ಕಂಪನಿಯೂ ಅಲ್ಲ. ಬಂದ ನಂಬರನ್ನು ಹಿಡಿದುಕೊಂಡು ಫೋನ್ ತನ್ನ ಸಂಪರ್ಕ ಪಟ್ಟಿಯಲ್ಲಿ ಹುಡುಕುತ್ತದೆ. ಸಿಕ್ಕರೆ ಅಲ್ಲಿ ಬರೆದಿಟ್ಟ ಹೆಸರನ್ನು ತೋರಿಸುತ್ತದೆ, ಸಿಗದಿದ್ದರೆ ನಂಬರನ್ನೇ ತೋರಿಸಿ ಸುಮ್ಮನಾಗುತ್ತದೆ. ಹಾಗಾಗಿ ನಂಬರ್ ಬಿದ್ದು ಹೆಸರು ಬೀಳದಿದ್ದರೆ ತೊಂದರೆ ಹೆಚ್ಚುಕಡಿಮೆ ಯಾವಾಗಲೂ ಕರೆ ಸ್ವೀಕರಿಸುವವರ ಫೋನಿನೊಳಗೇ ಇರುತ್ತದೆ. ನಂಬರೇ ಬೀಳದಿದ್ದರೆ ಕರೆ ಮಾಡುವವರ ಕಡೆ ಅಥವಾ ನಡುವಿನ ದಾರಿಯಲ್ಲಿ ನೋಡಬೇಕು. ಇದೊಂದನ್ನು ಮೊದಲೇ ವಿಂಗಡಿಸಿಕೊಳ್ಳದೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದವರು ಗಂಟೆಗಟ್ಟಲೆ ಕಾದು, ಸಿಮ್ ಬದಲಿಸಿಕೊಂಡು, ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತಾರೆ.

ಇಲ್ಲೊಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳುವುದು ಒಳ್ಳೆಯದು. "ವಾಟ್ಸಾಪ್‌ನಲ್ಲಿ ಹೆಸರು ಬರುತ್ತದೆ, ಮಾಮೂಲಿ ಫೋನಿನಲ್ಲಿ ಯಾಕೆ ಬರುವುದಿಲ್ಲ?" ಎಂದು ಬಹಳ ಜನ ಕೇಳುತ್ತಾರೆ. ವಾಟ್ಸಾಪ್‌ನಲ್ಲಿ ಪ್ರತಿಯೊಬ್ಬರೂ ತಮ್ಮ ಪ್ರೊಫೈಲಿಗೆ ತಾವೇ ಒಂದು ಹೆಸರು ಕೊಟ್ಟಿರುತ್ತಾರೆ. ನಂಬರ್ ಸೇವ್ ಆಗಿರದಿದ್ದರೂ ಆ ಹೆಸರು ಕಾಣಬಹುದು. ಅದರ ಮುಂದೆ ~ ಗುರುತು ಇದ್ದರೆ ಅದು ಅವರೇ ಇಟ್ಟುಕೊಂಡ ಹೆಸರು, ನಾವು ಸೇವ್ ಮಾಡಿದ್ದಲ್ಲ ಎಂದರ್ಥ. ಟ್ರೂಕಾಲರ್‌ನಂಥ ಆ್ಯಪ್‌ಗಳು ತೋರಿಸುವ ಹೆಸರಿನ ಮೂಲವೂ ಬೇರೆಯೇ. ಅದು ಆ ಕಂಪನಿ ಕೂಡಿಹಾಕಿದ ಪಟ್ಟಿಯಿಂದ, ಬಹುಪಾಲು ಬಳಕೆದಾರರು ಕೊಟ್ಟ ಮಾಹಿತಿಯಿಂದ ಬರುತ್ತದೆ. ಅದಕ್ಕೇ ಅಲ್ಲಿ ಸಭ್ಯ ಗೃಹಸ್ಥರೊಬ್ಬರು "ಪೈಪ್ ರಿಪೇರಿ" ಎಂದೂ, ಮೋಸಗಾರನೊಬ್ಬ ಬ್ಯಾಂಕ್ ಮ್ಯಾನೇಜರ್ ಎಂದೂ ಕಾಣಿಸಿಕೊಳ್ಳಲು ಸಾಧ್ಯ. ಈ ಎರಡೂ ಹೆಸರುಗಳಿಗೂ ಮಾಮೂಲಿ ಕರೆಯ ಪರದೆಯ ಮೇಲೆ ಬೀಳುವ ಹೆಸರಿಗೂ ಸಂಬಂಧವಿಲ್ಲ.

ಈಗ ತೀರ್ಥಹಳ್ಳಿಯ ಫೋನಿಗೆ ಬರೋಣ.

ಶಿಕ್ಷಕಿಯ ಅಣ್ಣನ ಮಗ ಮಾಡಿದ ಮೊದಲ ಕೆಲಸ ಸರಿಯಾಗಿತ್ತು. ಕರೆಗಳ ಪಟ್ಟಿ ತೆರೆದು, +44ರ ಆ ನಂಬರನ್ನು ಒತ್ತಿ ನೋಡಿದ. ಫೋನ್ "Add to contacts" ಎಂದು ಕೇಳಿತು. ಅಂದರೆ ಈ ನಂಬರ್ ತನ್ನ ಪಟ್ಟಿಯಲ್ಲಿ ಇಲ್ಲವೆಂದೇ ಫೋನ್ ತಿಳಿದಿದೆ. ಆದರೆ ಪಟ್ಟಿಯಲ್ಲಿ ಮಗಳ ಹೆಸರು ಹುಡುಕಿದರೆ ಅದು ಅಲ್ಲೇ ಇತ್ತು! ಹೆಸರೂ ಇದೆ, ನಂಬರೂ ಇದೆ, ಎರಡಕ್ಕೂ ಗಂಟು ಬಿದ್ದಿಲ್ಲ. ಹೀಗಾದಾಗ ಸೇವ್ ಆಗಿರುವ ನಂಬರನ್ನೂ ಕರೆಗಳ ಪಟ್ಟಿಯ ನಂಬರನ್ನೂ ಅಂಕಿಗೆ ಅಂಕಿ ಹೋಲಿಸಬೇಕು.

ಹೋಲಿಸಿದಾಗ ಗುಟ್ಟು ಬಿಟ್ಟುಕೊಂಡಿತು. ಬ್ರಿಟನ್ನಿನಲ್ಲಿ ಮೊಬೈಲ್ ನಂಬರನ್ನು ಅಲ್ಲಿಯವರು 07ರಿಂದ ಶುರುವಾಗುವ ಹನ್ನೊಂದು ಅಂಕಿಗಳಾಗಿ ಹೇಳುತ್ತಾರೆ. ಮಗಳು ಅಲ್ಲಿ ಸಿಮ್ ತೆಗೆದುಕೊಂಡ ಹೊಸದರಲ್ಲಿ ಹಾಗೆಯೇ ಬರೆಸಿದ್ದಳು, ತಾಯಿ ಹಾಗೆಯೇ ಸೇವ್ ಮಾಡಿದ್ದರು. ಆ ನಂಬರ್ ದೇಶ ದಾಟಿ ಬರುವಾಗ ಮುಂದಿನ ಸೊನ್ನೆ ಬಿದ್ದುಹೋಗಿ, ಅದರ ಜಾಗದಲ್ಲಿ +44 ಕೂರುತ್ತದೆ. ಭಾರತದ ಫೋನ್ ಸೇವ್ ಆಗಿರುವ ನಂಬರನ್ನು ಓದುವ ರೀತಿ ಇನ್ನೊಂದು. ದೇಶದ ಕೋಡ್ ಇಲ್ಲದ ನಂಬರ್ ಕಂಡರೆ ಅದು ಭಾರತದ್ದೇ ಎಂದುಕೊಳ್ಳುತ್ತದೆ. ಮೊದಲ ಸೊನ್ನೆಯನ್ನು ಪಕ್ಕಕ್ಕಿಟ್ಟರೆ ಉಳಿಯುವುದು 7ರಿಂದ ಶುರುವಾಗುವ ಹತ್ತು ಅಂಕಿ. ನೋಡಲು ಅಪ್ಪಟ ಭಾರತದ ಮೊಬೈಲ್ ನಂಬರ್. ಫೋನಿನ ಲೆಕ್ಕದಲ್ಲಿ ಸೇವ್ ಆಗಿರುವುದು +91ರ ಯಾರೋ, ಕರೆ ಮಾಡುತ್ತಿರುವುದು +44ರ ಇನ್ಯಾರೋ. ತಾಯಿ ಆ ಹೆಸರನ್ನೊತ್ತಿ ತಿರುಗಿ ಕರೆ ಮಾಡಿದ್ದರೆ ಅದು ಬರ್ಮಿಂಗ್‌ಹ್ಯಾಮಿಗೆ ಹೋಗದೆ ಈ ದೇಶದ ಯಾರೋ ಅಪರಿಚಿತರ ಮನೆ ಸೇರುತ್ತಿತ್ತು.

ಹಾಗಾದರೆ ಹಳೆಯ ಫೋನಿನಲ್ಲಿ ಹೆಸರು ಹೇಗೆ ಬರುತ್ತಿತ್ತು? ಹಳೆಯ ಫೋನ್‌ಗಳು ಇಡೀ ನಂಬರನ್ನು ನೋಡುತ್ತಿರಲಿಲ್ಲ. ಹಿಂದಿನಿಂದ ಏಳೆಂಟು ಅಂಕಿ ಹೊಂದಿದರೆ ಸಾಕು, ಅದೇ ನಂಬರ್ ಎಂದು ಒಪ್ಪಿಕೊಂಡುಬಿಡುತ್ತಿದ್ದವು. ಸೊನ್ನೆ ಇರಲಿ, +91 ಇರಲಿ, ಏನೂ ಇಲ್ಲದಿರಲಿ, ಹೆಸರು ಬೀಳುತ್ತಿತ್ತು. ಈ ಉದಾರತೆಯಿಂದ ಒಮ್ಮೊಮ್ಮೆ ತಪ್ಪು ಹೆಸರೂ ಬೀಳುತ್ತಿತ್ತು. ಹೊಸ ಫೋನ್‌ಗಳು ದೇಶದ ಕೋಡನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬಿಗಿಯಾಗಿ ಹೋಲಿಸುತ್ತವೆ. ಸೇವ್ ಮಾಡುವಾಗ ಆದ ತಪ್ಪು ವರ್ಷಗಟ್ಟಲೆ ಮುಚ್ಚಿಕೊಂಡಿದ್ದು, ಫೋನ್ ಬದಲಾದ ದಿನ ಹೊರಬಿತ್ತು. ಹೊರದೇಶದಲ್ಲಿ ಮಕ್ಕಳಿರುವ ಮನೆಗಳಲ್ಲಿ ಇದು ಬಹಳ ಸಾಮಾನ್ಯ.

ಪರಿಹಾರ ಚಿಕ್ಕದು. ನಂಬರನ್ನು + ಗುರುತು, ದೇಶದ ಕೋಡ್, ಆಮೇಲೆ ಸೊನ್ನೆ ಬಿಟ್ಟು ಉಳಿದ ಅಂಕಿ, ಈ ಕ್ರಮದಲ್ಲಿ ಸೇವ್ ಮಾಡಬೇಕು. ಬ್ರಿಟನ್ನಿಗೆ +44, ಅಮೆರಿಕ ಮತ್ತು ಕೆನಡಾಕ್ಕೆ +1, ದುಬೈಗೆ +971. ಊರಿನ ನಂಬರ್‌ಗಳನ್ನೂ +91 ಹಾಕಿಯೇ ಇಟ್ಟುಕೊಂಡರೆ, ನಾಳೆ ಮಗಳ ಮನೆಗೆ ಹೋಗಿ ಅಲ್ಲಿನ ನೆಟ್‌ವರ್ಕಿನಲ್ಲಿ ಕೂತಾಗಲೂ ಹೆಸರುಗಳು ತಪ್ಪುವುದಿಲ್ಲ. ಎಲ್ಲಕ್ಕಿಂತ ಸುಲಭದ ದಾರಿಯೆಂದರೆ ಅಂಕಿ ಟೈಪ್ ಮಾಡುವ ಗೋಜಿಗೇ ಹೋಗದಿರುವುದು. ಅವರಿಂದ ಬಂದ ಕರೆಯನ್ನೇ ಒತ್ತಿ, ಇದ್ದ ಹೆಸರಿಗೆ ಆ ನಂಬರನ್ನು ಸೇರಿಸಿದರೆ ಅದು ಬಂದ ರೂಪದಲ್ಲೇ ಕೂರುತ್ತದೆ. ಇದನ್ನು ಮಾಡುವ ಮುನ್ನ ಕರೆ ಅವರದೇ ಎಂದು ಖಚಿತವಾಗಿರಬೇಕು, ಅಷ್ಟೆ.

ಹೆಸರು ಒಬ್ಬರದಲ್ಲ, ಎಲ್ಲರದೂ ಬೀಳುತ್ತಿಲ್ಲವೆಂದರೆ ಅಂಕಿಗಳನ್ನು ಹೋಲಿಸುತ್ತ ಕೂರುವುದು ವ್ಯರ್ಥ. ಆಗ ಎರಡು ಕಡೆ ನೋಡಬೇಕು. ಸಂಪರ್ಕ ಪಟ್ಟಿಯೇ ಖಾಲಿಯಾಗಿದ್ದರೆ ಹೆಸರುಗಳು ಹಳೆಯ ಫೋನಿನಲ್ಲೇ ಉಳಿದಿವೆ. ಅವು ಗೂಗಲ್ ಖಾತೆಯಲ್ಲಿ ಇರಲಿಲ್ಲ, ಸಿಮ್ಮಿನಲ್ಲೂ ಇರಲಿಲ್ಲ ಎಂದರ್ಥ. ಹಳೆಯ ಫೋನ್ ಇನ್ನೂ ಕೈಯಲ್ಲಿದ್ದರೆ ಅದರಿಂದ ಗೂಗಲ್ ಖಾತೆಗೆ ಸಿಂಕ್ ಮಾಡಿ ತರಬಹುದು. ಪಟ್ಟಿ ತುಂಬಿದ್ದೂ ಕರೆ ಬಂದಾಗ ಹೆಸರು ಬೀಳದಿದ್ದರೆ, ಕರೆಯನ್ನು ತೋರಿಸುವ ಆ್ಯಪ್‌ಗೆ ಪಟ್ಟಿ ಓದುವ ಅನುಮತಿ ತಪ್ಪಿದೆ. ಆಂಡ್ರಾಯ್ಡ್‌ನಲ್ಲಿ Settings ತೆರೆದು Apps, ಅದರಲ್ಲಿ Phone, ಅದರಲ್ಲಿ Permissions, ಅಲ್ಲಿ Contacts ಎಂಬುದಕ್ಕೆ Allow ಕೊಟ್ಟಿದೆಯೇ ನೋಡಬೇಕು. ಯಾವುದೋ ಆ್ಯಪ್ ಹಾಕಿಕೊಂಡಾಗ ಅದು "ನನ್ನನ್ನೇ ಮುಖ್ಯ ಫೋನ್ ಆ್ಯಪ್ ಮಾಡಿ" ಎಂದು ಕೇಳಿದ್ದಕ್ಕೆ ಹೂಂ ಎಂದು, ಆಮೇಲೆ ಅದಕ್ಕೆ ಪಟ್ಟಿಯ ಅನುಮತಿ ಕೊಡದಿದ್ದರೂ ಹೀಗೇ ಆಗುತ್ತದೆ. Default apps ಎಂಬಲ್ಲಿ ಮುಖ್ಯ ಫೋನ್ ಆ್ಯಪ್ ಯಾವುದೆಂದು ಕಾಣುತ್ತದೆ.

ಕಚೇರಿಗಳ ವಿಷಯ ಬೇರೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯೋ ಕಾಲೇಜೋ ಒಳಗೆ ನೂರಾರು ಎಕ್ಸ್‌ಟೆನ್ಶನ್ ಇಟ್ಟುಕೊಂಡಿದ್ದರೂ ಹೊರಗೆ ಕರೆ ಹೋಗುವಾಗ ಎಷ್ಟೋ ಕಡೆ ಒಂದೇ ಮುಖ್ಯ ನಂಬರ್ ಕಾಣುತ್ತದೆ. ಡಾಕ್ಟರ ನೇರ ನಂಬರನ್ನು ಸೇವ್ ಮಾಡಿಕೊಂಡವರಿಗೆ ಡಾಕ್ಟರ ಹೆಸರು ಬೀಳದಿರುವುದು ಅದಕ್ಕೇ. ತಿರುಗಿ ಕರೆ ಮಾಡಿದರೆ ಸಿಗುವುದು ಸ್ವಾಗತ ಕೌಂಟರ್.

ತಾಯಿಯ ಫೋನಿನಲ್ಲಿ ನಂಬರ್ ತಿದ್ದಿದ ಮೇಲೂ ಮಗಳ ಕರೆಗಳು "Private number" ಎಂದೇ ಬಂದವು. ಇದು ನಿರೀಕ್ಷಿತವೇ. ನಂಬರೇ ಬಾರದಿರುವಾಗ ಹೆಸರು ಹುಡುಕಲು ಫೋನಿನ ಬಳಿ ಏನೂ ಇರುವುದಿಲ್ಲ.

ನಂಬರ್ ಮುಚ್ಚಿಟ್ಟು ಕರೆ ಮಾಡಿದಾಗ ನಂಬರ್ ಎಲ್ಲೂ ಹೋಗುವುದಿಲ್ಲ ಎಂದು ಜನ ತಿಳಿದಿದ್ದಾರೆ. ವಾಸ್ತವದಲ್ಲಿ ನಂಬರ್ ಕರೆಯ ಜೊತೆ ಮಾಮೂಲಿನಂತೆಯೇ ಹೊರಡುತ್ತದೆ. ಅದರ ಜೊತೆ "ಇದನ್ನು ತೋರಿಸಬೇಡಿ" ಎಂಬ ಒಂದು ಗುರುತು ಸೇರಿರುತ್ತದೆ. ಕರೆ ಸ್ವೀಕರಿಸುವವರ ಮೊಬೈಲ್ ಕಂಪನಿ ನಂಬರನ್ನು ತನ್ನಲ್ಲೇ ಉಳಿಸಿಕೊಂಡು, ಫೋನಿಗೆ ಅದನ್ನು ಕೊಡದೆ ಕರೆಯನ್ನು ಮಾತ್ರ ದಾಟಿಸುತ್ತದೆ. ಕಂಪನಿಯ ದಾಖಲೆಯಲ್ಲಿ ನಂಬರ್ ಇದ್ದೇ ಇರುತ್ತದೆ. ಹೀಗಾಗಿ ಮುಚ್ಚಿದ ನಂಬರಿನಿಂದ ಬೆದರಿಕೆ ಹಾಕಿದವರನ್ನೂ ಪೊಲೀಸರು ಕಂಪನಿಯ ದಾಖಲೆಯಿಂದ ಹುಡುಕಬಲ್ಲರು. ಅಂಥ ಕರೆ ಬಂದವರು ದಿನಾಂಕ ಮತ್ತು ವೇಳೆಯನ್ನು ಬರೆದಿಟ್ಟುಕೊಳ್ಳಬೇಕು, ಕರೆಗಳ ಪಟ್ಟಿಯನ್ನು ಅಳಿಸಬಾರದು. ದೂರಿಗೆ ಬೇಕಾಗುವುದು ಅದೇ.

ಪರದೆಯ ಮೇಲೆ ಬರುವ ಮಾತುಗಳಲ್ಲೂ ವ್ಯತ್ಯಾಸವಿದೆ. "Private number", ಐಫೋನಿನಲ್ಲಿ "No Caller ID" ಎಂದು ಬಂದರೆ ಸಾಮಾನ್ಯವಾಗಿ ಆಚೆಯವರು ನಂಬರನ್ನು ಬೇಕೆಂದೇ ಮುಚ್ಚಿದ್ದಾರೆ. "Unknown" ಎಂದು ಬಂದರೆ ನಂಬರ್ ದಾರಿಯಲ್ಲಿ ಕಳೆದುಹೋಗಿರುವ ಸಾಧ್ಯತೆ ಹೆಚ್ಚು. ದೇಶದಿಂದ ದೇಶಕ್ಕೆ ಹಲವು ಕಂಪನಿಗಳನ್ನು ಹಾದು, ನಡುವೆ ಇಂಟರ್ನೆಟ್ ಮೂಲಕ ಬರುವ ಅಗ್ಗದ ಕರೆಗಳಲ್ಲಿ ಹೀಗಾಗುತ್ತದೆ. ಎಲ್ಲ ಫೋನ್‌ಗಳೂ ಈ ಪದಗಳನ್ನು ಒಂದೇ ರೀತಿ ಬಳಸುವುದಿಲ್ಲವಾದ್ದರಿಂದ ಇದನ್ನು ಸುಳಿವೆಂದು ಹಿಡಿಯಬಹುದೇ ಹೊರತು ತೀರ್ಪೆಂದಲ್ಲ.

ಬ್ರಿಟನ್, ಅಮೆರಿಕಗಳಲ್ಲಿ ನಂಬರ್ ಮುಚ್ಚುವುದು ಯಾರು ಬೇಕಾದರೂ ಬಳಸಬಹುದಾದ ಮಾಮೂಲಿ ಸೌಲಭ್ಯ. ಬ್ರಿಟನ್ನಿನಲ್ಲಿ ನಂಬರಿನ ಮುಂದೆ 141 ಒತ್ತಿದರೆ ಆ ಒಂದು ಕರೆಗೆ ನಂಬರ್ ಮುಚ್ಚಿಕೊಳ್ಳುತ್ತದೆ, ಅಮೆರಿಕದಲ್ಲಿ *67. ಅಲ್ಲಿನ ಆಸ್ಪತ್ರೆಗಳಿಂದ ರೋಗಿಗಳಿಗೆ ಬರುವ ಎಷ್ಟೋ ಕರೆಗಳು ನಂಬರ್ ಇಲ್ಲದೆಯೇ ಬರುತ್ತವೆ. ನರ್ಸ್ ಮಗಳು ಒಮ್ಮೆ ರೋಗಿಯೊಬ್ಬರ ಮನೆಯವರಿಗೆ ತನ್ನ ಸ್ವಂತ ಮೊಬೈಲಿನಿಂದ ಫೋನ್ ಮಾಡಬೇಕಾಗಿ ಬಂದಾಗ ಫೋನಿನ ಸೆಟ್ಟಿಂಗಿನಲ್ಲೇ ನಂಬರ್ ಮುಚ್ಚಿದ್ದಳು. ಒಂದು ಕರೆಗೆ 141 ಸಾಕಿತ್ತು. ಸೆಟ್ಟಿಂಗ್ ಮುಟ್ಟಿದ್ದರಿಂದ ಆಮೇಲಿನ ಎಲ್ಲ ಕರೆಗಳೂ ಮುಚ್ಚಿಕೊಂಡವು. ಕರೆ ಮಾಡುವವರ ಪರದೆಯಲ್ಲಿ ಇದರ ಸುಳಿವೇ ಸಿಗುವುದಿಲ್ಲ ಎಂಬುದು ಈ ತೊಂದರೆಯ ಕೆಟ್ಟ ಗುಣ. ಯಾರೂ ಫೋನ್ ಎತ್ತುತ್ತಿಲ್ಲ ಎಂದಷ್ಟೇ ಅವರಿಗೆ ಅನ್ನಿಸುತ್ತದೆ.

ತನ್ನ ನಂಬರ್ ಮುಚ್ಚಿದೆಯೇ ಎಂದು ತಿಳಿಯಲು ಡಯಲ್ ಪ್ಯಾಡಿನಲ್ಲೇ ಒಂದು ದಾರಿಯಿದೆ. ಈ ಕೆಳಗಿನದನ್ನು ಒತ್ತಿ ಕರೆಯ ಗುಂಡಿ ಒತ್ತಿದರೆ ಕರೆ ಹೋಗುವುದಿಲ್ಲ, ನೆಟ್‌ವರ್ಕಿನಿಂದ ಉತ್ತರ ಬರುತ್ತದೆ.

```
*#31#
```

ಆಂಡ್ರಾಯ್ಡ್ ಫೋನ್‌ಗಳಲ್ಲಿ ಉತ್ತರ ಹೆಚ್ಚಾಗಿ ಹೀಗಿರುತ್ತದೆ: "Caller ID defaults to not restricted. Next call: Not restricted". ಇದರಲ್ಲಿ ಎರಡು ಭಾಗಗಳಿವೆ. ಮೊದಲ ಭಾಗ ಈ ಸಿಮ್ಮಿನ ಬಗ್ಗೆ ಕಂಪನಿ ಇಟ್ಟುಕೊಂಡಿರುವ ಸ್ಥಿತಿಯನ್ನು ಹೇಳುತ್ತದೆ. ಎರಡನೆಯದು ಫೋನಿನ ಸೆಟ್ಟಿಂಗನ್ನೂ ಸೇರಿಸಿಕೊಂಡು ಮುಂದಿನ ಕರೆ ಹೇಗೆ ಹೋಗುತ್ತದೆ ಎಂದು ಹೇಳುತ್ತದೆ. ಮಗಳ ಫೋನಿನಲ್ಲಿ ಮೊದಲ ಭಾಗ ಸರಿಯಿತ್ತು, ಎರಡನೆಯದರಲ್ಲಿ "Restricted" ಎಂದಿತ್ತು. ಕಂಪನಿಯ ತಪ್ಪೇನೂ ಇಲ್ಲ, ಮುಚ್ಚಿದ್ದು ಫೋನೇ ಎಂದು ಅಲ್ಲಿಗೆ ಖಚಿತವಾಯಿತು. ಮೊದಲ ಭಾಗದಲ್ಲೇ "restricted" ಎಂದಿದ್ದರೆ ಕಂಪನಿಗೆ ಹೇಳಿ ಬಿಡಿಸಬೇಕಾಗುತ್ತಿತ್ತು. "You can't change the caller ID setting" ಎಂದು ಬಂದರೂ ಅಷ್ಟೇ, ಬೀಗ ಕಂಪನಿಯ ಕೈಯಲ್ಲಿದೆ.

ಫೋನಿನ ಸೆಟ್ಟಿಂಗ್ ಎಲ್ಲಿದೆ ಎಂಬುದು ತಯಾರಕರನ್ನು ಅವಲಂಬಿಸಿದೆ. ಗೂಗಲ್‌ನ ಫೋನ್ ಆ್ಯಪ್ ಇರುವ ಆಂಡ್ರಾಯ್ಡ್‌ಗಳಲ್ಲಿ ಆ ಆ್ಯಪ್ ತೆರೆದು, ಮೂರು ಚುಕ್ಕಿ ಒತ್ತಿ, Settings ಒಳಗೆ Calling accounts, ಅಲ್ಲಿ ಸಿಮ್ ಆರಿಸಿ Additional settings, ಅದರೊಳಗೆ Caller ID. ಸ್ಯಾಮ್‌ಸಂಗ್‌ನಲ್ಲಿ ಫೋನ್ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ Supplementary services, ಅದರಲ್ಲಿ Show your caller ID. ಐಫೋನಿನಲ್ಲಿ Settings ಒಳಗೆ Phone, ಅಲ್ಲಿ Show My Caller ID. ಹೊಸ ಆವೃತ್ತಿಗಳಲ್ಲಿ Phone ಎಂಬುದು Apps ಒಳಗೆ ಸೇರಿಕೊಂಡಿದೆ. ಎರಡು ಸಿಮ್ ಇದ್ದರೆ ಪ್ರತಿ ಸಿಮ್ಮಿಗೂ ಬೇರೆ ಬೇರೆ ಸೆಟ್ಟಿಂಗ್ ಇರುತ್ತದೆ. ಒಂದನ್ನು ಸರಿ ಮಾಡಿ ಇನ್ನೊಂದರಿಂದ ಕರೆ ಮಾಡಿ "ಇನ್ನೂ ಸರಿಯಾಗಲಿಲ್ಲ" ಎನ್ನುವವರು ಕಡಿಮೆಯೇನಲ್ಲ. ಆಂಡ್ರಾಯ್ಡ್‌ನಲ್ಲಿ ಮೂರು ಆಯ್ಕೆಗಳಿರುತ್ತವೆ: ತೋರಿಸು, ಮುಚ್ಚು, ಮತ್ತು "Network default". ವಿಶೇಷ ಕಾರಣವಿಲ್ಲದಿದ್ದರೆ ಮೂರನೆಯದನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.

ಸೆಟ್ಟಿಂಗ್ ಎಲ್ಲ ಸರಿಯಿದ್ದೂ ಒಬ್ಬರಿಗೆ ಮಾತ್ರ ನಂಬರ್ ಮುಚ್ಚಿ ಹೋಗುತ್ತಿದ್ದರೆ ಅವರ ಹೆಸರಿನ ಕೆಳಗೆ ಸೇವ್ ಮಾಡಿರುವ ನಂಬರನ್ನು ಒಮ್ಮೆ ಪೂರ್ತಿ ಓದಬೇಕು. ಅದರ ಮುಂದೆ #31# ಅಥವಾ 141 ಅಂಟಿಕೊಂಡಿರಬಹುದು. ಎಂದೋ ಒಮ್ಮೆ ಹಾಗೆ ಡಯಲ್ ಮಾಡಿ, ಆ ಕರೆಯಿಂದಲೇ ನಂಬರ್ ಸೇವ್ ಮಾಡಿಕೊಂಡಾಗ ಈ ಬಾಲ ಉಳಿದುಬಿಡುತ್ತದೆ. ಇದಕ್ಕೆ ಉಲ್ಟಾ, ಮುಚ್ಚಿರುವ ಫೋನಿನಿಂದ ಒಂದು ಕರೆಗೆ ಮಾತ್ರ ನಂಬರ್ ತೋರಿಸಬೇಕಿದ್ದರೆ ನಂಬರಿನ ಮುಂದೆ *31# ಸೇರಿಸಬಹುದು. ಹಾಗೆ ಮಾಡಿದಾಗ ಆಚೆಯವರಿಗೆ ನಂಬರ್ ಕಂಡರೆ, ಮುಚ್ಚಿರುವುದು ಸೆಟ್ಟಿಂಗೇ ಎಂಬುದಕ್ಕೆ ಅದು ಇನ್ನೊಂದು ಸಾಕ್ಷಿ.

ಭಾರತದ ಸಿಮ್ಮಿನಲ್ಲಿ ಕಥೆ ಬೇರೆ. ಇಲ್ಲಿ ನಂಬರ್ ಮುಚ್ಚುವ ಸೌಲಭ್ಯವನ್ನು ಕೇಳಿದವರಿಗೆಲ್ಲ ಕೊಡುವುದಿಲ್ಲ. ಟೆಲಿಕಾಂ ಪರವಾನಗಿಯ ಷರತ್ತುಗಳು ಇದನ್ನು ಬಿಗಿಯಾಗಿ ಹಿಡಿದಿವೆ, ಈ ಸೌಲಭ್ಯ ಪಡೆದವರ ಪಟ್ಟಿ ಭದ್ರತಾ ಸಂಸ್ಥೆಗಳಿಗೆ ಸಿಗುವಂತಿರಬೇಕು. ಆದರೆ ಫೋನ್ ತಯಾರಿಸುವವರು ಇಡೀ ಜಗತ್ತಿಗೆ ಒಂದೇ ಮೆನು ಮಾಡಿಟ್ಟಿರುತ್ತಾರೆ. ಆ ಗುಂಡಿ ನಮ್ಮ ಫೋನಿನಲ್ಲೂ ಕಾಣುತ್ತದೆ, ಒತ್ತಿದರೆ ಒತ್ತಿಸಿಕೊಳ್ಳುತ್ತದೆ ಕೂಡ. ಆಮೇಲೆ ಒಂದೋ ಏನೂ ಬದಲಾಗುವುದಿಲ್ಲ, ಇಲ್ಲವೇ ಹೊರಹೋಗುವ ಕರೆಗಳೇ ಕೂಡಿಕೊಳ್ಳದೆ ತಟ್ಟನೆ ಕಡಿದುಹೋಗುತ್ತವೆ. ಬರುವ ಕರೆ ಬರುತ್ತದೆ, ಇಂಟರ್ನೆಟ್ ಓಡುತ್ತದೆ, ಸಿಗ್ನಲ್ ತುಂಬಿದೆ, ಆದರೆ ಒಂದು ಕರೆಯೂ ಹೊರಗೆ ಹೋಗುವುದಿಲ್ಲ ಎಂದು ರಿಪೇರಿ ಅಂಗಡಿಗೆ ಓಡುವ ಮುನ್ನ ಈ ಗುಂಡಿಯನ್ನೊಮ್ಮೆ ನೋಡುವುದು ಮೇಲು. ಇಂಥ ಸಿಮ್ಮಿನಲ್ಲಿ *#31# ಒತ್ತಿದರೆ "Service not provisioned" ಎಂದು ಬರಬಹುದು. ಅದು ದೋಷವಲ್ಲ, ಈ ಸಿಮ್ಮಿಗೆ ಆ ಸೌಲಭ್ಯ ಕೊಟ್ಟಿಲ್ಲ ಎಂದು ಹೇಳುತ್ತಿದೆ, ಅಷ್ಟೆ.

ಇದರ ಇನ್ನೊಂದು ಮುಖವೆಂದರೆ, ಭಾರತದ ಸಾಮಾನ್ಯ ಮೊಬೈಲಿನಿಂದ ನಂಬರಿಲ್ಲದ ಕರೆ ಬರುವುದು ಅಪರೂಪ. ಬ್ಯಾಂಕಿನವರೆಂದೋ ಪೊಲೀಸರೆಂದೋ ಹೇಳಿಕೊಂಡು ನಂಬರಿಲ್ಲದ ಕರೆ ಬಂದರೆ ಅಲ್ಲೇ ಅನುಮಾನಪಡಲು ಸಾಕಷ್ಟು ಕಾರಣವಿದೆ. ಹಾಗೆಂದು ನಂಬರ್ ಬಿದ್ದ ಮಾತ್ರಕ್ಕೆ ನಂಬುವ ಹಾಗೂ ಇಲ್ಲ. ಹೊರದೇಶದಿಂದ ಮಾಡಿದ ಕರೆಗೆ +91ರ ನಂಬರ್ ಅಂಟಿಸಿ ಕಳಿಸುವ ವಂಚನೆ ಎಷ್ಟಿತ್ತೆಂದರೆ, ಅದನ್ನು ತಡೆಯುವ ವ್ಯವಸ್ಥೆಯನ್ನು ಕೇಂದ್ರ ದೂರಸಂಪರ್ಕ ಇಲಾಖೆ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ತಂದಾಗ ಮೊದಲ 24 ಗಂಟೆಗಳಲ್ಲೇ ಸುಮಾರು 1.35 ಕೋಟಿ ಕರೆಗಳು ಸಿಕ್ಕಿಬಿದ್ದವು ಎಂದು ಸರಕಾರ ಹೇಳಿತು. ಅನುಮಾನದ ಕರೆಗಳನ್ನು ಇಲಾಖೆಯ ಸಂಚಾರ್ ಸಾಥಿ ತಾಣದ 'ಚಕ್ಷು' ವಿಭಾಗದಲ್ಲಿ ತಿಳಿಸಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ತೀರ್ಥಹಳ್ಳಿಯ ಫೋನಿನಲ್ಲಿ ಉಳಿದಿದ್ದ ಮೂರನೆಯ ಗಂಟು ಪಕ್ಕದ ಮನೆಯ ಹುಡುಗ ಹಾಕಿದ ತಡೆ. ಈ ಸೆಟ್ಟಿಂಗ್‌ಗಳಲ್ಲೂ ಎರಡು ಬಗೆಯಿವೆ. ಒಂದು ನಂಬರ್ ಮುಚ್ಚಿದ ಕರೆಗಳನ್ನು ಮಾತ್ರ ತಡೆಯುತ್ತದೆ. ಇನ್ನೊಂದು, ಐಫೋನಿನ Silence Unknown Callers ಥರದ್ದು, ಪಟ್ಟಿಯಲ್ಲಿಲ್ಲದ ನಂಬರ್‌ಗಳನ್ನೂ ರಿಂಗಾಗದಂತೆ ಮಾಡುತ್ತದೆ. ಎರಡನೆಯದನ್ನು ಹಾಕಿಕೊಂಡ ಮನೆಯಲ್ಲಿ ಗ್ಯಾಸ್ ಸಿಲಿಂಡರ್ ತರುವವರು, ಕೊರಿಯರ್ ಹುಡುಗ, ಆಸ್ಪತ್ರೆಯ ಕೌಂಟರ್ ಯಾರ ಕರೆಯೂ ಕೇಳಿಸುವುದಿಲ್ಲ. ವಯಸ್ಸಾದವರ ಫೋನಿನಲ್ಲಿ ಇದನ್ನು ಹಾಕಿಕೊಡುವವರು, ಹಾಕಿದ್ದೇವೆಂದು ಮನೆಯ ಉಳಿದವರಿಗೂ ಹೇಳಿ ಹೋಗಬೇಕು. ಮಗಳು ತನ್ನ ನಂಬರ್ ಬಿಚ್ಚಿದ ಮೇಲೆ, ತಾಯಿಯ ಪಟ್ಟಿಯಲ್ಲಿ ಅದು ಸರಿಯಾದ ರೂಪದಲ್ಲಿದ್ದುದರಿಂದ ತಡೆಯನ್ನು ತೆಗೆಯದೆಯೇ ಕರೆ ರಿಂಗಾಯಿತು, ಹೆಸರೂ ಬಿತ್ತು.

ಹೆಸರು ಫೋನಿನೊಳಗಿಂದ ಬರುತ್ತದೆ ಎಂಬ ಈ ಹಳೆಯ ಲೆಕ್ಕ ಭಾರತದಲ್ಲಿ ಬದಲಾಗುವ ಹಂತದಲ್ಲಿದೆ. ಕರೆ ಮಾಡಿದವರ ಹೆಸರನ್ನು ಮೊಬೈಲ್ ಕಂಪನಿಯೇ ಒದಗಿಸುವ ವ್ಯವಸ್ಥೆಗೆ ಸಿಎನ್‌ಎಪಿ ಎಂದು ಹೆಸರು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2022ರ ನವೆಂಬರ್‌ನಲ್ಲಿ ಇದರ ಬಗ್ಗೆ ಜನಾಭಿಪ್ರಾಯ ಕೇಳಿ, 2024ರ ಫೆಬ್ರವರಿಯಲ್ಲಿ ಶಿಫಾರಸು ಕೊಟ್ಟಿತು. ಆಗ ಅದರ ಮಾತು, ಕೇಳಿದವರಿಗೆ ಮಾತ್ರ ಈ ಸೇವೆ ಕೊಡಬೇಕು ಎಂದಿತ್ತು. ಇಲಾಖೆ ಬೇರೆ ಅಭಿಪ್ರಾಯ ಹೇಳಿದ ಮೇಲೆ 2025ರ ಅಕ್ಟೋಬರ್‌ನಲ್ಲಿ ಟ್ರಾಯ್ ಅದಕ್ಕೆ ಒಪ್ಪಿತು: ಸೇವೆ ಎಲ್ಲರಿಗೂ ತಾನಾಗಿಯೇ ಸಿಗಬೇಕು, ಬೇಡವೆನ್ನುವವರು ತೆಗೆಸಿಕೊಳ್ಳಬಹುದು. ಮೊದಲು 4ಜಿ ಮತ್ತು 5ಜಿ ಜಾಲಗಳಲ್ಲಿ ಇದು ಬರುತ್ತದೆ. 2ಜಿಯ ಸಣ್ಣ ಗುಂಡಿ ಫೋನ್ ಹಿಡಿದವರಿಗೆ ಸದ್ಯಕ್ಕೆ ಹಳೆಯ ಪದ್ಧತಿಯೇ. ನಿಯಮದಂತೆ ನಂಬರ್ ಮುಚ್ಚುವ ಸೌಲಭ್ಯ ಪಡೆದವರ ಹೆಸರು ಇದರಲ್ಲಿ ಕಾಣುವುದಿಲ್ಲ.

ಇದರಲ್ಲಿ ಕಾಣುವ ಹೆಸರು ಯಾವುದು ಎಂಬುದನ್ನು ಪ್ರತಿ ಮನೆಯೂ ಈಗಲೇ ಯೋಚಿಸಬೇಕು. ಸಿಮ್ ಕೊಳ್ಳುವಾಗ ತುಂಬಿದ ಅರ್ಜಿಯಲ್ಲಿರುವ ಹೆಸರೇ ಆಚೆಯವರ ಪರದೆಯ ಮೇಲೆ ಬೀಳುತ್ತದೆ. ನಮ್ಮಲ್ಲಿ ಎಷ್ಟು ಹೆಂಗಸರ ಸಿಮ್ ಗಂಡನ ಹೆಸರಿನಲ್ಲಿದೆ, ಎಷ್ಟು ಕಾಲೇಜು ಹುಡುಗರ ಸಿಮ್ ಅಪ್ಪನ ಹೆಸರಿನಲ್ಲಿದೆ, ತೀರಿಹೋದ ಹಿರಿಯರ ಹೆಸರಿನಲ್ಲೇ ಓಡುತ್ತಿರುವ ಸಿಮ್‌ಗಳೆಷ್ಟು! ಅಂಥವರು ಕರೆ ಮಾಡಿದಾಗ ಅಪರಿಚಿತರಿಗೆ ಬೇರೆಯವರ ಹೆಸರು ಕಾಣುತ್ತದೆ. ವ್ಯಾಪಾರ ಮಾಡುವವರಿಗೆ ಟ್ರಾಯ್‌ನ ಶಿಫಾರಸಿನಲ್ಲಿ ಒಂದು ಅನುಕೂಲವಿದೆ: ಒಟ್ಟಾಗಿ ಹಲವು ಸಂಪರ್ಕ ಪಡೆದ ಸಂಸ್ಥೆಗಳು ನೋಂದಾಯಿತ ಟ್ರೇಡ್‌ಮಾರ್ಕನ್ನೋ ಜಿಎಸ್‌ಟಿಯಲ್ಲಿ ದಾಖಲಾದ ವ್ಯಾಪಾರದ ಹೆಸರನ್ನೋ ತೋರಿಸಬಹುದು. ಹೊರದೇಶದ ಸಿಮ್ಮಿನ ಅರ್ಜಿ ಇಲ್ಲಿನ ಕಂಪನಿಗಳ ಬಳಿ ಇರುವುದಿಲ್ಲವಾದ್ದರಿಂದ, ಬರ್ಮಿಂಗ್‌ಹ್ಯಾಮಿನಿಂದಲೋ ದುಬೈಯಿಂದಲೋ ಬರುವ ಮಕ್ಕಳ ಕರೆಗೆ ಸಂಪರ್ಕ ಪಟ್ಟಿಯೇ ಗತಿ.

ತಮ್ಮ ಹೆಸರಿನಲ್ಲಿ ಯಾವ ಯಾವ ನಂಬರ್‌ಗಳು ಓಡುತ್ತಿವೆ ಎಂಬುದನ್ನು ಸಂಚಾರ್ ಸಾಥಿ ತಾಣದಲ್ಲಿ ಮೊಬೈಲ್ ನಂಬರ್ ಕೊಟ್ಟು, ಬಂದ ಓಟಿಪಿ ಹಾಕಿ ನೋಡಬಹುದು. ತಾವು ಬಳಸುವ ನಂಬರ್ ಅಲ್ಲಿ ಕಾಣದಿದ್ದರೆ ಅದು ಬೇರೆಯವರ ಹೆಸರಿನಲ್ಲಿರಬಹುದು. ಬದಲಿಸಿಕೊಳ್ಳಲು ಗುರುತಿನ ಚೀಟಿಯೊಡನೆ ಆ ಕಂಪನಿಯ ಮಳಿಗೆಗೆ ಹೋಗಿ, ಸಂಪರ್ಕವನ್ನು ಹೆಸರಿಗೆ ವರ್ಗಾಯಿಸಬೇಕೆಂದು ಕೇಳಬೇಕು. ಈಗಿನ ಮಾಲೀಕರ ಒಪ್ಪಿಗೆ ಬೇಕಾಗುತ್ತದೆ, ಅವರು ತೀರಿಹೋಗಿದ್ದರೆ ಮರಣ ಪ್ರಮಾಣಪತ್ರ ಕೊಂಡೊಯ್ಯಬೇಕು.